ಒಡೆದ ಮೇಯೊನೀಸಿಗೆ ನೀರೇ ಮದ್ದು

ಮೇಯೊನೀಸ್ ಕಡೆಯುವಾಗ ಒಂದು ಗಳಿಗೆ ಬರುತ್ತದೆ. ಅಲ್ಲಿಯವರೆಗೆ ಬಟ್ಟಲಲ್ಲಿ ತೆಳ್ಳಗೆ ಹರಿದಾಡುತ್ತಿದ್ದ ಮೊಟ್ಟೆಯ ಹಳದಿ ತಟ್ಟನೆ ಮಂದವಾಗುತ್ತದೆ, ವಿಸ್ಕ್‌ನ ಸದ್ದು ತಗ್ಗುತ್ತದೆ, ಅದು ಎಳೆದ ಗೆರೆ ಹಾಗೇ ಉಳಿಯುತ್ತದೆ. ಈ ಸುಖಕ್ಕಾಗಿಯೇ ನಾನು ಅಂಗಡಿಯ ಬಾಟಲಿ ತರುವುದಿಲ್ಲ.

ಮೊನ್ನೆ ಅತ್ತಿಗೆ ಫೋನ್ ಮಾಡಿ, “ಒಡೆದುಹೋಗಿತ್ತು ಕಣೋ, ಇನ್ನೊಂದು ಹಳದಿ ಹಾಕಿ ಕಡೆದೆ, ಸರಿಹೋಯ್ತು” ಎಂದರು. ಅಡುಗೆಯವರೆಲ್ಲ ಹೇಳುವುದೂ ಇದನ್ನೇ. ಸರಿಹೋಗುವುದು ನಿಜ, ಹಳದಿ ಸಾಲದೆ ಒಡೆಯಿತು ಎಂಬ ಕಾರಣ ಮಾತ್ರ ಸುಳ್ಳು.

ಹಳದಿಯ ತೂಕದಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಲೆಸಿಥಿನ್ ಮತ್ತು ಅದರ ಜಾತಿಯ ಕೊಬ್ಬುಗಳು. ಲೆಸಿಥಿನ್ ಅಣುವಿನ ತಲೆ ನೀರನ್ನು ಬಯಸುತ್ತದೆ, ಎರಡು ಬಾಲಗಳು ಎಣ್ಣೆಯನ್ನು. ನಾವು ಕಡೆದು ಪುಡಿಮಾಡಿದ ಪ್ರತಿ ಎಣ್ಣೆಹನಿಯ ಮೈಗೂ ಅದು ಬಾಲ ಊರಿ, ತಲೆ ಹೊರಗಿಟ್ಟು ಕೂರುತ್ತದೆ. ಹಳದಿಯ ಪ್ರೋಟೀನುಗಳೂ ಜೊತೆಗೆ ಅಂಟಿಕೊಳ್ಳುತ್ತವೆ. ಹೀಗೆ ಕವಚ ತೊಟ್ಟ ಹನಿಗಳು ಮತ್ತೆ ಸುಲಭವಾಗಿ ಒಂದಾಗಲಾರವು. ಈ ಕೆಲಸದಲ್ಲಿ ಹಳದಿ ಎಂಥ ಗಟ್ಟಿಗ ಎಂದರೆ, ಒಂದೇ ಹಳದಿ ಹನ್ನೆರಡು ಕಪ್ ಎಣ್ಣೆಯನ್ನೂ ಹಿಡಿದಿಡಬಲ್ಲದು. ಅಮೆರಿಕದ ಆಹಾರವಿಜ್ಞಾನ ಲೇಖಕ ಹೆರಾಲ್ಡ್ ಮೆಗೀ ಇದನ್ನು ಬರೆದಿಟ್ಟಿದ್ದಾರೆ. ಹಾಗಿದ್ದರೆ ಒಂದು ಕಪ್‌ಗೇ ಒಡೆಯುವುದೇಕೆ?

ಜಾಗ ಸಾಲದೆ! ಹನಿಗಳು ತೇಲುವುದು ನೀರಿನಲ್ಲಿ. ದುಂಡನೆಯ ಹನಿಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಸುಮಾರು 74 ಪಾಲು ಎಣ್ಣೆಗೆ 26 ಪಾಲು ನೀರಿನಂಶ ಉಳಿಯುತ್ತದೆ. ಅದಕ್ಕೂ ಮೀರಿದರೆ ಹನಿಗಳು ಒಂದನ್ನೊಂದು ಅದುಮಿ, ಕೊನೆಗೆ ಕವಚ ಹರಿದು ಕೂಡಿಕೊಳ್ಳುತ್ತವೆ. ಅತ್ತಿಗೆಯ ಲೆಕ್ಕವನ್ನೇ ನೋಡಿ. ಒಂದು ಹಳದಿ, ಒಂದು ದೊಡ್ಡ ಚಮಚ ನಿಂಬೆರಸ, ಒಟ್ಟು 30 ಮಿ.ಲೀ. ಚಿಲ್ಲರೆ. ಅದಕ್ಕೆ 100 ಮಿ.ಲೀ. ಎಣ್ಣೆ ನೆಮ್ಮದಿಯಾಗಿ ಸೇರುತ್ತದೆ. ಅವರು ಸುರಿದದ್ದು 200. ಎರಡನೇ ಹಳದಿ ಕೈಹಿಡಿದದ್ದು ಅದರ ಅರ್ಧ ತೂಕ ನೀರೇ ಆಗಿರುವುದರಿಂದ! ಆ ನೀರು ನಲ್ಲಿಯಲ್ಲೂ ಬರುತ್ತದೆ, ಪುಕ್ಕಟೆ.

“ಒಂದೇ ದಿಕ್ಕಿನಲ್ಲಿ ತಿರುಗಿಸಬೇಕು” ಎನ್ನುವವರೂ ಇದ್ದಾರೆ. ಹನಿಗೆ ಎಡಬಲ ಗೊತ್ತಿಲ್ಲ. ಅದನ್ನು ಹೇಳಿಹೇಳಿ ನನ್ನ ಗಂಟಲು ಒಣಗಿದೆ.

ಕೇಕಿನ ಕಥೆ ತಿರುಗುಮುರುಗು. ಅಲ್ಲಿ ಬೆಣ್ಣೆಯೊಳಗೆ ಮೊಟ್ಟೆಯ ನೀರು ಸೇರಬೇಕು. ಫ್ರಿಜ್ಜಿನಿಂದ ತೆಗೆದ ಮೊಟ್ಟೆಯನ್ನು ಒಮ್ಮೆಲೇ ಸುರಿದರೆ ಬೆಣ್ಣೆ ಗಟ್ಟಿಯಾಗಿ, ಮಿಶ್ರಣ ತರಿತರಿಯಾಗುತ್ತದೆ. ಲೆಸಿಥಿನ್ ಇದ್ದೂ ಏನೂ ಮಾಡಲಾರದು.

ಮೇಯೊನೀಸ್ ವಿಪರೀತ ಬಿಗಿಯಾಗಿ ಅಂಚಿನಲ್ಲಿ ಎಣ್ಣೆ ಮಿನುಗಿತೋ, ಒಂದು ಚಮಚ ನೀರು ಹಾಕಿ ಕಡೆಯಿರಿ. ಒಡೆದೇಹೋಗಿದ್ದರೆ ಬೇರೆ ಬಟ್ಟಲಲ್ಲಿ ಒಂದು ಚಮಚ ನೀರಿಟ್ಟು, ಒಡೆದದ್ದನ್ನು ಹನಿಹನಿಯಾಗಿ ಅದಕ್ಕೆ ಸೇರಿಸುತ್ತ ಕಡೆಯಿರಿ. ಹಸಿ ಮೊಟ್ಟೆಯದಾದ್ದರಿಂದ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ. ಉಳಿದ ಮೊಟ್ಟೆಗಳನ್ನು ಆಮ್ಲೆಟ್ಟಿಗೆ ಇಟ್ಟುಕೊಳ್ಳಿ.