ಎರಡು ಹಾಳೆಗಳ ನಡುವಿನ ಗೆರೆ

ಪುಣೆಗೆ ಬಂದು ಎರಡನೇ ವರ್ಷ. ನಾನಿದ್ದ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಒಂದು ಕಟ್ಟಡದ ಮುಂಭಾಗಕ್ಕೆ ತೂತಿನ ಅಲ್ಯೂಮಿನಿಯಂ ಹಾಳೆ ಹಾಕುವ ಕೆಲಸ ಬಂತು. 1200 ಮಿ.ಮೀ. ಅಗಲ, 2400 ಎತ್ತರದ ಎಂಟು ಹಾಳೆಗಳು ಸಾಲಾಗಿ ನಿಲ್ಲಬೇಕು. ಎಡತುದಿಯಲ್ಲಿ ಮೆಟ್ಟಿಲು, ಅಲ್ಲಿ ಗಾಳಿ ಬೇಕು. ಬಲತುದಿಯಲ್ಲಿ ಪಕ್ಕದ ಮನೆಯವರ ಕಿಟಕಿ, ಅಲ್ಲಿ ಮರೆ ಬೇಕು. ಅಂದರೆ ಎಡಕ್ಕೆ ದೊಡ್ಡ ತೂತು, ಬಲಕ್ಕೆ ಹೋಗ್ತಾ ಹೋಗ್ತಾ ಚಿಕ್ಕದು.

ಇಂಥ ಕೆಲಸಕ್ಕೆ ರೈನೋ ಜೊತೆ ಬರುವ ಗ್ರಾಸ್‌ಹಾಪರ್ ಹೇಳಿ ಮಾಡಿಸಿದ್ದು. ಅದರಲ್ಲಿ ತೂತುಗಳನ್ನು ಕೈಯಲ್ಲಿ ಬಿಡಿಸುವುದಿಲ್ಲ. ಚಿಕ್ಕ ಚಿಕ್ಕ ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿ ನಿಯಮ ಬರೆಯುತ್ತೇವೆ. ಪ್ರತಿ ಹಾಳೆಯಲ್ಲಿ 60 ಮಿ.ಮೀ. ಅಂಚು ಬಿಟ್ಟು, 40 ಮಿ.ಮೀ.ಗೆ ಒಂದರಂತೆ 27 ಅಡ್ಡ, 57 ಉದ್ದ ಚುಕ್ಕಿ ಇಟ್ಟೆ. ಹಾಳೆಗೆ 1539 ತೂತು. ಮೆಟ್ಟಿಲ ಬುಡದಲ್ಲಿ ಒಂದು ಬಿಂದು ಗುರುತಿಸಿ, ಅಲ್ಲಿಂದ ಪ್ರತಿ ಚುಕ್ಕಿಗೆ ಎಷ್ಟು ದೂರ ಎಂದು Distance ಅಳೆಯಿತು. ಅತಿ ಹತ್ತಿರ, ಅತಿ ದೂರ ಎಷ್ಟು ಎಂದು Bounds ಹೇಳಿತು. ಆ ದೂರವನ್ನು 28ರಿಂದ 8 ಮಿ.ಮೀ. ವ್ಯಾಸಕ್ಕೆ Remap Numbers ಇಳಿಸಿತು. 28 ದಾಟಿಸಲಿಲ್ಲ, ಯಾಕೆಂದರೆ ಆಗ ಎರಡು ತೂತುಗಳ ನಡುವೆ ಉಳಿಯುವ ಲೋಹ 12 ಮಿ.ಮೀ. ಮಾತ್ರ.

ಪಂಚ್ ಮಾಡುವ ಭೋಸರಿಯ ಶೆಡ್ಡಿನವರು ಒಂದು ಶರತ್ತು ಹಾಕಿದರು. ಒಂದೊಂದು ತೂತಿಗೆ ಒಂದೊಂದು ಅಳತೆ ಕೊಟ್ಟರೆ ಅಷ್ಟು ಪಂಚ್ ಎಲ್ಲಿಂದ ತರೋದು? ಹಾಗಾಗಿ Circleಗೆ ಕೊಡುವ ಮೊದಲು ವ್ಯಾಸವನ್ನು ಹೀಗೆ ದುಂಡು ಮಾಡಿದೆ:

```
Round(x/4)*4
```

8, 12, 16, 20, 24, 28. ಆರೇ ಪಂಚ್. Circle ಕೇಳುವುದು ತ್ರಿಜ್ಯ, ಅದಕ್ಕೆ ಕೊನೆಗೆ ಎರಡರಿಂದ ಭಾಗಿಸಿದೆ. ಹತ್ತಿರದಿಂದ ನೋಡಿದರೆ ಒಂದು ಅಳತೆ ಮುಗಿದು ಇನ್ನೊಂದು ಶುರುವಾಗುವ ಪಟ್ಟಿ ಕಾಣುತ್ತದೆ. ಅದನ್ನು ಒಪ್ಪಿಕೊಂಡೆವು.

ಮೊದಲ ಎರಡು ಹಾಳೆ ತಯಾರಾದ ದಿನ ಮಶೀನ್ ನಡೆಸುವವರ ಫೋನ್ ಬಂತು. ಅಥಣಿ ಕಡೆಯವರು, ನಾನು ಶಿವಮೊಗ್ಗದವಳು ಅಂತ ಗೊತ್ತಾದ ಮೇಲೆ ಹಿಂದಿ ಬಿಟ್ಟಿದ್ದರು. "ಮೇಡಂ, ಒಮ್ಮೆ ಬಂದು ನೋಡ್ರಿ. ಈ ಎರಡೂ ಹಾಳಿ ಒಂದಕ್ಕೊಂದು ಕೂಡೂದಿಲ್ರಿ."

ಹೋಗಿ ನೋಡಿದೆ. ಎರಡನ್ನೂ ಗೋಡೆಗೆ ಒರಗಿಸಿದ್ದರು. ಮೊದಲ ಹಾಳೆಯ ಬಲ ಅಂಚಿನ ಬುಡದಲ್ಲಿ 20ರ ತೂತು, ಪಕ್ಕದ ಹಾಳೆ ಮತ್ತೆ 28ರಿಂದ ಶುರು. ಬಿಡಿಬಿಡಿಯಾಗಿ ಎರಡೂ ಚೆಂದ. ಸ್ಕ್ರೀನಿನಲ್ಲಿ ನಾನು ಒಂದೊಂದೇ ಹಾಳೆಯನ್ನು ದೊಡ್ಡದು ಮಾಡಿ ನೋಡಿ ಖುಷಿಪಟ್ಟಿದ್ದೆ.

ಆ ರಾತ್ರಿ Bounds ಪಕ್ಕ ಒಂದು Panel ಜೋಡಿಸಿದೆ. ಒಂದು ಸಾಲು ಬರಬೇಕಿದ್ದಲ್ಲಿ ಎಂಟು ಸಾಲು! ಎಂಟು ಹಾಳೆಯ ಚುಕ್ಕಿಗಳು ಎಂಟು ಕೊಂಬೆಗಳಾಗಿ ಹೋಗುತ್ತಿದ್ದವು. Bounds ಪ್ರತಿ ಕೊಂಬೆಗೂ ಬೇರೆ ಬೇರೆ ಹತ್ತಿರ-ದೂರ ಲೆಕ್ಕ ಹಾಕಿತ್ತು. ಹಾಗಾಗಿ ಪ್ರತಿ ಹಾಳೆಯೂ ತನ್ನಷ್ಟಕ್ಕೆ 28ರಿಂದ 8ಕ್ಕೆ ಇಳಿದಿತ್ತು. ತಂತಿಯೂ ಹೇಳುತ್ತಿತ್ತು: ಕೊಂಬೆಗಳಿದ್ದರೆ ಅದು ತುಂಡು ತುಂಡು ಜೋಡಿಗೆರೆಯಾಗಿ ಕಾಣುತ್ತದೆ. ನಾನು ನೋಡಿರಲಿಲ್ಲ.

ನೆನಪಾದದ್ದು ಊರಿನ ಸಂಕ್ರಾಂತಿ. ಬೇಗ ಮುಗಿಯಲಿ ಎಂದು ತಂಗಿ ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ ಚುಕ್ಕಿ ಇಡುತ್ತಾ ಬಂದೆವು. ಇಬ್ಬರದೂ ನೇರವಾಗಿಯೇ ಇತ್ತು, ನಡುವೆ ಕೂಡಲಿಲ್ಲ. ಅಮ್ಮ ನೀರು ಹಾಕಿ ಒರೆಸಿ, "ಅಂಗಳ ಪೂರ್ತಿ ಒಂದೇ ಅಳತೆ ಕಣ್ರೇ" ಎಂದು ಮೊದಲಿಂದ ಇಟ್ಟಳು.

ಪರಿಹಾರ ಒಂದೇ ಕ್ಲಿಕ್. Boundsಗೆ ಒಳಬರುವ ಕಡೆ Flatten. ಆಗ ಎಂಟೂ ಹಾಳೆಗೆ ಒಂದೇ ಹತ್ತಿರ, ಒಂದೇ ದೂರ. Remap Numbersಗೆ ಹೋಗುವ ದೂರಗಳನ್ನು ಮಾತ್ರ ಕೊಂಬೆಗಳಲ್ಲೇ ಬಿಡಬೇಕು. ಅದನ್ನೂ ಚಪ್ಪಟೆ ಮಾಡಿದರೆ ಯಾವ ತೂತು ಯಾವ ಹಾಳೆಯದು ಎಂಬುದೇ ಕಳೆದುಹೋಗುತ್ತದೆ. ಈಗ ಆ ಗೆರೆಯ ಎರಡೂ ಬದಿಯ ಬುಡದಲ್ಲಿ 24 ಬಂತು.

ಆದರೆ ಮೊದಲ ಹಾಳೆಯಲ್ಲಿ ಉಳಿದದ್ದು 28 ಮತ್ತು 24 ಎರಡೇ. ಒಂಟಿಯಾಗಿ ನೋಡಿದರೆ ಸಪ್ಪೆ. ಇಳಿಕೆ ಕಾಣುವುದು ಎಂಟೂ ಸೇರಿದಾಗ ಮಾತ್ರ. ಅಂಚು ಬಿಟ್ಟು ಲೆಕ್ಕ ಹಾಕಿದರೆ 28ರ ಜಾಗದಲ್ಲಿ ಶೇ. 38ರಷ್ಟು ತೆರಪು, 8ರ ಜಾಗದಲ್ಲಿ ಶೇ. 3. ಹಳೆಯ ಲೆಕ್ಕದಲ್ಲೇ ಹೋಗಿದ್ದರೆ ಪಕ್ಕದ ಮನೆಯ ಕಿಟಕಿಯ ಎದುರಿಗೂ ದೊಡ್ಡ ತೂತುಗಳು ಬಂದಿರುತ್ತಿದ್ದವು.

ಎರಡು ಹಾಳೆಯ ನಷ್ಟವನ್ನು ಕಚೇರಿ ಹೊತ್ತುಕೊಂಡಿತು. ಮಾರನೇ ದಿನ ಹೊಸ ಫೈಲ್ ತೆಗೆದುಕೊಂಡು ಭೋಸರಿಗೆ ಹೋದೆ. ಅಥಣಿಯವರು ಪಂಚ್ ಮಾಡುವ ಮೊದಲು ಎಂಟೂ ಹಾಳೆಯ ಚಿತ್ರವನ್ನು ನೆಲದ ಮೇಲೆ ಸಾಲಾಗಿ ಹಾಸಿಸಿ, ದೂರ ನಿಂತು ನೋಡಿ, "ಈಗ ಕೂಡ್ತು ನೋಡ್ರಿ" ಎಂದರು. ಅಂದಿನಿಂದ ಯಾವ ಕೆಲಸವಿದ್ದರೂ ನಾನೂ ಹಾಗೆ ಹಾಸಿ ನೋಡದೆ ಫೈಲ್ ಕಳಿಸುವುದಿಲ್ಲ.