ಅವ್ವನ ಕಾಲುಚೀಲ

ಅವ್ವನ ಕಾಲಿನ ಅಳತೆ ತಗೊಳ್ಳೋಕೆ ಟೇಪು ಹಿಡಿದು ಕೂತಾಗ ಸಂಜೆ ಆರೂವರೆ. ಕುಷ್ಟಗಿ ಹತ್ತಿರದ ನಮ್ಮೂರಲ್ಲಿ ಅವ್ವ ಬೆಳಗಿನಿಂದ ಶೇಂಗಾ ಸುಲಿಯುತ್ತಾ ಕಾಲು ಮಡಚಿ ಕೂತಿದ್ದಳು. "ಇದೇನ್ ಕುಬಸ ಹೊಲಸಾಕ ಹತ್ತಿಯೇನಪಾ, ಕಾಲಿಗೆ ಅಳತಿ ತಗೊಳಾಕ?" ಅಂತ ನಕ್ಕಳು. ಅವಳು ಹೊರಟಿದ್ದು ತಂಗಿಯ ಬಾಣಂತನಕ್ಕೆ. ಆಗ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನವಿತ್ತು, ಹದಿನಾರು ತಾಸಿಗೂ ಹೆಚ್ಚು ಕೂತೇ ಇರಬೇಕಿತ್ತು. ಜೊತೆಗೆ ನಾನು.

ನನ್ನ ಮೊದಲ ಆನ್‌ಸೈಟ್ ಪ್ರಯಾಣ ಇನ್ನೂ ನೆನಪಿದೆ. ಟೈಟ್ ಜೀನ್ಸ್, ಹೊಸ ಲೆದರ್ ಶೂ ಹಾಕ್ಕೊಂಡು ಹೀರೋ ಥರ ಹತ್ತಿದ್ದೆ. ಅರ್ಧ ದಾರಿಯಲ್ಲಿ ಶೂ ಬಿಚ್ಚಿದೆ. ಇಳಿಯುವಾಗ ಅದು ಕಾಲಿಗೆ ಹೋಗಲೇ ಇಲ್ಲ, ಹಿಮ್ಮಡಿ ತುಳಿದುಕೊಂಡೇ ಇಮಿಗ್ರೇಷನ್ ಸಾಲಿನಲ್ಲಿ ನಿಂತೆ. ನನ್ನ ಪಾಲಿಗೆ ಅದು ಬರೀ ಅವಮಾನ. ಆದರೆ ಅರವತ್ತು ದಾಟಿದ, ಹತ್ತು ವರ್ಷದಿಂದ ಶುಗರ್ ಇರೋ ಅವ್ವನ ಪಾಲಿಗೆ ಅದು ಗಾಯವೂ ಆಗಬಹುದು.

ಕಾಲು ಯಾಕೆ ಊದುತ್ತೆ ಅಂತ ಅವ್ವನಿಗೆ ನಾನು ಹೇಳಿದ್ದು ನಮ್ಮ ಬಾವಿಯ ಪಂಪ್‌ಸೆಟ್ ಲೆಕ್ಕದಲ್ಲಿ. ಪಾದಕ್ಕೆ ಇಳಿದ ರಕ್ತ ಮತ್ತೆ ಎದೆಗೆ ಏರಬೇಕು. ಅದನ್ನು ಮೇಲೆತ್ತೋ ಮೋಟಾರು ಅಂದರೆ ಮೀನಖಂಡದ ಸ್ನಾಯು; ನಡೆದಾಗ ಅದು ರಕ್ತನಾಳವನ್ನು ಹಿಂಡುತ್ತೆ. ಏರಿದ್ದು ಹಿಂದಕ್ಕೆ ಇಳಿಯದಂತೆ ನಾಳದೊಳಗೆ ಸಣ್ಣ ಸಣ್ಣ ಫುಟ್‌ವಾಲ್ವ್ ಇವೆ. ಕೂತೇ ಇದ್ದರೆ ಮೋಟಾರು ಬಂದ್. ರಕ್ತ ಕೆಳಗೇ ನಿಂತು, ಅದರ ನೀರಿನಂಶ ಜಿನುಗಿ ಪಾದದಲ್ಲಿ ಸೇರುತ್ತೆ. ಕಂಪ್ರೆಷನ್ ಸಾಕ್ಸ್ ಹೊರಗಿನಿಂದ ಒತ್ತಿ ಹಿಡಿಯುತ್ತೆ: ಹರಡಿನ ಹತ್ತಿರ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ.

ಅಳತೆ ಬರೆದುಕೊಂಡು ಗಂಗಾವತಿಯಿಂದ ಮೊಣಕಾಲಿನವರೆಗಿನ ಜೋಡಿ ತಂದೆ. ಮರುದಿನ ಬೆಳಿಗ್ಗೆ ಹಾಕಿಸಿದರೆ ಸಡಿಲ. ನಾಲ್ಕು ಹೆಜ್ಜೆ ನಡೆಯೋಷ್ಟರಲ್ಲಿ ಜಾರಿ ಮೀನಖಂಡದ ಮೇಲೆ ಸುರುಳಿ ಸುತ್ತಿಕೊಂಡಿತು. ತಪ್ಪು ನನ್ನದೇ. ಸಂಜೆ, ಅದಾಗಲೇ ಊದಿದ್ದ ಕಾಲನ್ನು ಅಳೆದಿದ್ದೆ. ಹಾಸಿಗೆ ಬಿಟ್ಟು ಎದ್ದ ಕೂಡಲೇ ಅಳೆಯಬೇಕಿತ್ತು. ಹರಡಿನ ಗಂಟಿನ ಮೇಲೆ ಕಾಲು ಅತಿ ಸಣ್ಣಗಿರೋ ಕಡೆ ಒಂದು ಸುತ್ತು, ಮೀನಖಂಡ ಅತಿ ದಪ್ಪಗಿರೋ ಕಡೆ ಇನ್ನೊಂದು, ಎರಡೂ ಕಾಲಿಗೆ. ಬೆಳಿಗ್ಗೆ ಅಳೆದಾಗ ಹರಡು 22 ಸೆಂಟಿಮೀಟರ್ ಬಂತು. ಹಿಂದಿನ ಸಂಜೆ ಬರೆದಿದ್ದು 24. ಚಪ್ಪಲಿ ನಂಬರಿನ ಮೇಲೆ ಈ ಸಾಕ್ಸ್ ತಗೊಂಡರೂ ಇದೇ ಕಥೆ. ಸುರುಳಿ ಸುತ್ತಿದ ಸಾಕ್ಸ್ ಹಗ್ಗ ಕಟ್ಟಿದಂತೆ ಒಂದೇ ಕಡೆ ಬಿಗಿಯುತ್ತೆ. ಹಾಗಾದರೆ ಸಾಕ್ಸ್ ಇಲ್ಲದಿರೋದೇ ಮೇಲು.

ಬದಲಾಯಿಸೋ ಮೊದಲು ಕೊಪ್ಪಳದ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಶುಗರ್ ಇದ್ದವರು ಕೇಳದೇ ಹಾಕೋ ವಸ್ತು ಇದಲ್ಲ. ಪಾದಕ್ಕೆ ರಕ್ತ ಇಳಿಸೋ ನಾಳವೇ ಕಟ್ಟಿಕೊಂಡಿದ್ದರೆ ಬಿಗಿ ಸಾಕ್ಸ್ ಇರೋ ರಕ್ತವನ್ನೂ ತಡೆಯುತ್ತೆ. ಅವರು ಪಾದದ ಮೇಲೆ, ಒಳಹರಡಿನ ಹಿಂದೆ ನಾಡಿ ಹಿಡಿದು ನೋಡಿದರು. ನೈಲಾನ್ ಎಳೆಯಿಂದ ಪಾದ ಮುಟ್ಟಿ, "ಗೊತ್ತಾಗ್ತದೇನಮ್ಮಾ?" ಅಂತ ಕೇಳಿದರು. ಎರಡೂ ಸರಿ ಇತ್ತು. 15–20 ಎಂಎಂ ಎಚ್‌ಜಿ ಒತ್ತಡದ್ದು ಸಾಕು ಅಂತ ಬರೆದುಕೊಟ್ಟರು. ಆಮೇಲೆ ಅವ್ವನ ಬೆರಳು ನೋಡಿ, "ಕಾಲುಂಗುರ ತೆಗೀರಿ. ಸಾಕ್ಸ್ ಅದನ್ನ ಚರ್ಮಕ್ಕೆ ಒತ್ತತದ" ಅಂದರು.

"ನಮ್ಮನಿಯವರು ಗಟ್ಟಿಮುಟ್ಟ ಅದಾರ್ರೀ, ನಾ ಯಾಕ ತೆಗೀಲಿ?" ಅವ್ವ ಎದ್ದೇಬಿಟ್ಟಳು.

ಕೊನೆಗೆ ಡಾಕ್ಟರೇ ದಾರಿ ಹೇಳಿದರು. ಬೆರಳ ಕಡೆ ಬಾಯಿ ತೆರೆದಿರೋ ಸಾಕ್ಸ್ ಸಿಗುತ್ತೆ, ಅದು ತಗೊಳ್ಳಿ. ಆದರೆ ಬೆರಳು ಊದಿದರೆ ಉಂಗುರ ಸಲೀಸಾಗಿ ಹೊರಬರುವಂತಿರಲಿ. ಊರಿನ ಪತ್ತಾರರು ಉಂಗುರದ ಬಾಯಿ ಸ್ವಲ್ಪ ಅಗಲಿಸಿ, ತುದಿ ಉಜ್ಜಿ ನುಣುಪು ಮಾಡಿಕೊಟ್ಟರು.

ಇನ್ನೊಂದು ಸಂಗತಿ ಬಹಳ ಜನ ಮರೆಯುತ್ತಾರೆ. ನಮ್ಮ ಕಡೆಯವರಿಗೆ ವಿಮಾನದ ಪ್ರಯಾಣ ಶುರುವಾಗೋದು ಬಸ್ಸಿನಲ್ಲಿ. ಕುಷ್ಟಗಿಯಿಂದ ರಾತ್ರಿಯಿಡೀ ಕಾಲು ಜೋತುಬಿಟ್ಟು ಬೆಂಗಳೂರಿಗೆ ಬಂದು ಹಾಗೇ ಏರ್‌ಪೋರ್ಟಿಗೆ ಹೋದರೆ, ಹತ್ತೋ ಮೊದಲೇ ಕಾಲು ಊದಿರುತ್ತೆ. ಹಾಗಾಗಿ ಒಂದು ದಿನ ಮೊದಲೇ ನನ್ನ ಮನೆಗೆ ಬಂದೆವು. ಅವ್ವ ದಿಂಬಿನ ಮೇಲೆ ಕಾಲಿಟ್ಟು ಮಲಗಿದಳು. ಹೊರಡೋ ಮುಂಚೆ, ಕಾಲು ಇಳಿದಿದ್ದಾಗಲೇ ಸಾಕ್ಸ್ ಹಾಕಿಸಿದೆ. ಹಿಮ್ಮಡಿಯವರೆಗೆ ಒಳಹೊರಗು ಮಾಡಿ, ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಅಂಗೈಯಿಂದ ಸವರುತ್ತಾ ಮೇಲೇರಿಸಬೇಕು. ಮೊಣಕಾಲಿಗಿಂತ ಎರಡು ಬೆರಳು ಕೆಳಗೆ ನಿಲ್ಲಬೇಕು. ಹೆಚ್ಚಾಯ್ತು ಅಂತ ಮಡಚಬಾರದು.

ಇಳಕಲ್ ಸೀರೆ ಉಟ್ಟೇ ಅಮೆರಿಕಾದಲ್ಲಿ ಇಳಿಯಬೇಕು ಅಂತ ಅವ್ವನ ಆಸೆ. ಅದು ಬ್ಯಾಗಿನಲ್ಲಿ ಬಂತು. ಉಟ್ಟಿದ್ದು ಹಳೇ ಕಾಟನ್ ಸೀರೆ, ಪರಕಾರದ ಲಾಡಿ ಸಡಿಲ, ಕುಬಸದ ಮೇಲೆ ಮುಂದೆ ಗುಂಡಿ ಇರೋ ಸ್ವೆಟರ್, ಕಿವಿಗೆ ಸ್ಕಾರ್ಫ್. ಒಂದೇ ದಪ್ಪ ಕೋಟಿಗಿಂತ ತೆಗೆದು ಹಾಕೋ ಎರಡು ತೆಳು ಪದರವೇ ಲೇಸು, ಯಾಕೆಂದರೆ ಹತ್ತಿದಾಗ ಸೆಖೆ, ಎಲ್ಲರೂ ಮಲಗಿದ ಮೇಲೆ ಚಳಿ. ಬಿಗಿ ಸಾಕ್ಸಿನ ಮೇಲೆ ಸಡಿಲವಾದ ಕಾಟನ್ ಸಾಕ್ಸ್, ಪಟ್ಟಿ ಸಡಿಲಿಸಬಹುದಾದ ಚಪ್ಪಲಿ. ಕಿಟಕಿ ಪಕ್ಕದ ಗೋಡೆ ತಣ್ಣಗಿರುತ್ತೆ ಅಂತ ಓಣಿ ಬದಿಯ ಸೀಟು. ಜೊತೆಗೆ, ನನ್ನ ಮಾತು ಮೀರಿ, ನಮ್ಮನೆಯ ಕರಿ ಕಂಬಳಿ. ಜನ ಏನಂದ್ಕೋತಾರೋ ಅಂತ ನನಗೆ ನಾಚಿಕೆ.

ತಾಸಿಗೊಮ್ಮೆ ಅವ್ವನನ್ನು ಎಬ್ಬಿಸಿ ನಡೆಸಿದೆ. ಕೂತಾಗ "ಹೊಲಿಗೆ ಮಷಿನ್ ತುಳದಂಗ ತುಳಿ" ಅಂದೆ. ಅಷ್ಟು ಹೇಳಿದ್ದೇ ಸಾಕಾಯ್ತು, ಮೋಟಾರು ಚಾಲೂ. ಬೆರಳು ನೀಲಿಯಾದರೆ, ಜುಮುಗುಟ್ಟಿದರೆ, ನೋವಾದರೆ ಸಾಕ್ಸ್ ತೆಗೆಯಬೇಕು ಅಂದಿದ್ದರು ಡಾಕ್ಟರ್. ಆಗಾಗ ಮೇಲಿನ ಸಾಕ್ಸ್ ಸರಿಸಿ ನೋಡ್ತಿದ್ದೆ. ಏಳನೇ ತಾಸಿಗೆ ಬೆರಳು ಸ್ವಲ್ಪ ದಪ್ಪಗಾಗಿತ್ತು. ನಾನು ಬಾಯಿಬಿಡೋ ಮೊದಲೇ ಅವ್ವ ಬಾಗಿ ಕಾಲುಂಗುರ ತೆಗೆದು ಸೆರಗಿನ ತುದಿಗೆ ಗಂಟು ಹಾಕಿದಳು. "ನಿಮ್ಮಪ್ಪಗ ಹೇಳಬ್ಯಾಡ" ಅಂದಳು.

ಇಳಿದ ಮೇಲೆ ತಂಗಿ ಮನೆಯಲ್ಲಿ ಟೇಪು ತೆಗೆದೆ. ಅವ್ವನ ಹರಡು ಇಪ್ಪತ್ತೆರಡೂವರೆ. ಸಾಕ್ಸ್ ಹಾಕದ ನನ್ನದು 23 ಇದ್ದಿದ್ದು 25. ಇಬ್ಬರ ಕಾಲು ನೋಡಿ ಸಿದ್ಧಾಂತ ಮಾಡೋಕಾಗಲ್ಲ, ಗೊತ್ತು. ಆದರೆ ಪ್ರಯೋಗಗಳೂ ಆಗಿವೆ. ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆಯಲ್ಲಿ ಲೆಕ್ಕಕ್ಕೆ ಸಿಕ್ಕ 2,637 ಪ್ರಯಾಣಿಕರಲ್ಲಿ 50 ಜನರ ಕಾಲಿನಲ್ಲಿ, ಅವರಿಗೇ ಗೊತ್ತಿಲ್ಲದಂತೆ ರಕ್ತ ಹೆಪ್ಪುಗಟ್ಟಿತ್ತು. ಅವರಲ್ಲಿ ಸಾಕ್ಸ್ ಹಾಕಿದ್ದವರು ಮೂವರೇ.

ಅದಕ್ಕೇ ಇಳಿದ ಮೇಲೂ ಕಾಲು ನೋಡ್ತಿರಬೇಕು. ಎರಡೂ ಕಾಲು ಒಂದೇ ಸಮ ಊದಿ ಒಂದೆರಡು ದಿನದಲ್ಲಿ ಇಳಿದರೆ ಅದು ಬರೀ ನೀರು. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಎದೆ ನೋವೋ ಉಸಿರಾಟದ ತೊಂದರೆಯೋ ಬಂದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ವಾರಗಳ ನಂತರವೂ ಇದು ಬರಬಹುದು.

ಅವ್ವನ ಕಾಲು ಎರಡನೇ ದಿನಕ್ಕೇ ಮೊದಲಿನಂತಾಯ್ತು. ಕಾಲುಂಗುರ ಮತ್ತೆ ಬೆರಳಿಗೆ ಬಂತು, ಇಳಕಲ್ ಸೀರೆ ಮೈಮೇಲೆ ಬಂತು, ಮೊಮ್ಮಗಳಿಗೆ ಎಣ್ಣೆ ನೀರು ಶುರುವಾಯ್ತು. ಕಂಬಳಿ? ಒಂಬತ್ತನೇ ತಾಸಿನಿಂದ ಅದರ ಅರ್ಧ ನನ್ನ ಮೈಮೇಲೇ ಇತ್ತು.