ಸರಿಯುತ್ತರದೊಳಗಿನ ಸಮ ಚಿಹ್ನೆ

ಉತ್ತರ ತಪ್ಪಾಗಿದ್ದಾಗ ಹಿಮ್ಮಾಹಿತಿ ಬರೆಯುವುದಕ್ಕಿಂತ ಸರಿಯಾಗಿದ್ದಾಗ ಬರೆಯುವುದು ಕಷ್ಟ. ತಪ್ಪುತ್ತರದಲ್ಲಿ ಕಣ್ಣು ತಾನಾಗಿಯೇ ಒಂದು ಕಡೆ ನಿಲ್ಲುತ್ತದೆ. ಸರಿಯುತ್ತರದಲ್ಲಿ ಕೈ ರೈಟ್ ಗುರುತು ಹಾಕಿ ಮುಂದಕ್ಕೆ ಹೋಗುತ್ತದೆ. ಬೋಧನಾಭ್ಯಾಸಕ್ಕೆಂದು ನಮ್ಮ ಶಾಲೆಗೆ ಬಂದಿದ್ದ ಪ್ರಶಿಕ್ಷಣಾರ್ಥಿಗಳ ಜೊತೆ ಕುಳಿತು ನೋಡಿದ ಅಂಥ ಒಂದು ಸರಿಯುತ್ತರದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಏಳನೇ ತರಗತಿಗೆ ಕೊಟ್ಟಿದ್ದ ಮನೆಗೆಲಸದ ಲೆಕ್ಕ ಇದು: ಐವರು ಗೆಳತಿಯರು ಸೇರಿ 45 ರೂಪಾಯಿ ಬೆಲೆಯ 3 ಪುಸ್ತಕಗಳನ್ನೂ 240 ರೂಪಾಯಿಯ ಒಂದು ಕೇಕನ್ನೂ ಕೊಂಡರು. ಖರ್ಚನ್ನು ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಎಷ್ಟು? ಒಬ್ಬ ಹುಡುಗಿ ಅಕ್ಕನ ಫೋನಿನಿಂದ ಕಳಿಸಿದ ಫೋಟೋದಲ್ಲಿ ಎರಡು ಸಾಲುಗಳಿದ್ದವು:

3 × 45 = 135 + 240 = 375 ÷ 5 = 75
75 × 5 = 375

ಉತ್ತರ 75, ಸರಿ. ಆದರೆ ಮೊದಲ ಸಾಲನ್ನು ಬರೆದಿರುವಂತೆಯೇ ಓದಿದರೆ 135 ಮತ್ತು 375 ಸಮ, 375 ಮತ್ತು 75 ಸಮ ಎಂದಾಗುತ್ತದೆ. ಹುಡುಗಿ ಹಾಗೆ ನಂಬಿಲ್ಲ. ಅವಳು ಬಾಯಿಲೆಕ್ಕ ಮಾಡಿದ ಕ್ರಮವನ್ನೇ ಕಾಗದಕ್ಕೆ ಇಳಿಸಿದ್ದಾಳೆ: ಮೂರು ಪುಸ್ತಕಕ್ಕೆ ನೂರ ಮೂವತ್ತೈದು, ಅದಕ್ಕೆ ಇನ್ನೂರ ನಲವತ್ತು ಸೇರಿಸಿದರೆ ಇಷ್ಟು, ಐದು ಪಾಲು ಮಾಡಿದರೆ ಇಷ್ಟು. ಅವಳ ಪಾಲಿಗೆ = ಎಂದರೆ ‘ಈಗ ಬಂದ ಉತ್ತರ’. ಒಂದನೇ ತರಗತಿಯಿಂದಲೂ ಲೆಕ್ಕ ಎಡಗಡೆ, ಉತ್ತರ ಬಲಗಡೆ ಇರುವುದನ್ನೇ ಹೆಚ್ಚಾಗಿ ಕಂಡ ಮಗುವಿಗೆ ಈ ಅರ್ಥ ಸಹಜ. ಕ್ಯಾಲ್ಕುಲೇಟರಿನ ಗುಂಡಿ ಮಾಡುವುದೂ ಅದನ್ನೇ.

‘ಉತ್ತರ ಸರಿಯಿದೆಯಲ್ಲ ಮೇಡಂ, ಬಿಟ್ಟರೆ ಏನಾಗುತ್ತದೆ?’ ಎಂದು ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದರು. ಈ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಆದರೆ 2x + 3 = x + 7 ಬಂದಾಗ ಬಲಗಡೆ ಉತ್ತರವೇ ಇರುವುದಿಲ್ಲ. ಎರಡೂ ಕಡೆಯಿಂದ x ಕಳೆಯಬಹುದು ಎಂಬ ಮಾತು, ಎರಡೂ ಕಡೆ ಸಮ ಎಂದು ತಿಳಿದವರಿಗೆ ಮಾತ್ರ ಅರ್ಥವಾಗುತ್ತದೆ. ಉಳಿದವರು ‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂದು ಬಾಯಿಪಾಠ ಮಾಡುತ್ತಾರೆ.

ನಾನು ಅವಳಿಗೆ ಬರೆದದ್ದು ಇಷ್ಟು:

‘ಮೊದಲು ಒಟ್ಟು ಖರ್ಚು ಕಂಡುಹಿಡಿದು ಆಮೇಲೆ ಹಂಚಿದ್ದೀಯ. ಈ ಲೆಕ್ಕಕ್ಕೆ ಬೇಕಾದ ದಾರಿ ಅದೇ. ಯಾರೂ ಕೇಳದಿದ್ದರೂ ಎರಡನೇ ಸಾಲಿನಲ್ಲಿ 75ನ್ನು ಐದರಿಂದ ಗುಣಿಸಿ ತಾಳೆ ನೋಡಿದ್ದೀಯ, ನನಗೆ ತುಂಬ ಹಿಡಿಸಿತು. ಈಗ ಮೊದಲ ಸಾಲಿನ ಮೊದಲ = ಮೇಲೆ ಬೆರಳಿಡು. ಅದರ ಎಡಗಡೆ ಇರುವುದು ಎಷ್ಟು? ಬಲಗಡೆ, ಮುಂದಿನ = ಬರುವವರೆಗೆ ಇರುವುದು ಎಷ್ಟು? = ಎಂದರೆ ಉತ್ತರ ಬಂತು ಎಂದಲ್ಲ, ಎರಡೂ ಕಡೆ ಒಂದೇ ಬೆಲೆ ಎಂದು. ನಿನ್ನ ಲೆಕ್ಕವನ್ನೇ ಮೂರು ಸಾಲಾಗಿ ಬರೆದು ಕಳಿಸು. ಜೊತೆಗೆ ಇದನ್ನೂ ಮಾಡು: 8 + 4 = ☐ + 5.’

ಮೆಚ್ಚುಗೆಯಲ್ಲಿ ‘ವೆರಿ ಗುಡ್’ ಎಂದು ಬರೆಯದೆ, ಅವಳು ಮಾಡಿದ ಎರಡು ಕೆಲಸಗಳನ್ನು ಹೆಸರಿಸಿದ್ದೇನೆ. ಹಾಗೆ ಹೆಸರಿಸದಿದ್ದರೆ, = ಬಗ್ಗೆ ಓದಿದ ಮಗು ತನ್ನ ಇಡೀ ಲೆಕ್ಕವೇ ತಪ್ಪೆಂದು ಭಾವಿಸಿ ವಿಧಾನವನ್ನೂ ಬದಲಿಸಿಬಿಡಬಹುದು. ಫೋಟೋ ಮೇಲೆ ಕೆಂಪು ಗೀಟು ಎಳೆಯದೆ ಸಾಲಿನ ಸಂಖ್ಯೆ ಹೇಳಿದ್ದೂ ಅದಕ್ಕೇ. ಅವಳ ಬರಹ ಅವಳದಾಗಿಯೇ ಉಳಿಯಲಿ. ಅಕ್ಷರ ಓರೆಯಿತ್ತು, ಕೊನೆಯಲ್ಲಿ ‘ರೂಪಾಯಿ’ ಎಂದು ಬರೆದಿರಲಿಲ್ಲ. ಅವನ್ನು ಈ ಸಲ ಎತ್ತಲಿಲ್ಲ. ಮೂರು ತಿದ್ದುಪಡಿ ಕೊಟ್ಟರೆ ಮಕ್ಕಳು ಸುಲಭವಾದದ್ದನ್ನು ಆರಿಸಿಕೊಳ್ಳುತ್ತಾರೆ. ‘ರೂಪಾಯಿ’ ಸೇರಿಸುವುದು ಸುಲಭ.

ಚೌಕದ ಪ್ರಶ್ನೆ ಯಾಕೆ? ಇದು ಬರೆಯುವ ಅವಸರವೋ ನಿಜವಾದ ತಪ್ಪುಕಲ್ಪನೆಯೋ ಎಂಬುದನ್ನು ಫೋಟೋ ಹೇಳುವುದಿಲ್ಲ. ಮಗು ಎದುರಿಗಿದ್ದರೆ ಓದಿಸಿ ಕೇಳಬಹುದಿತ್ತು. = ಅನ್ನು ‘ಉತ್ತರ’ ಎಂದು ಓದುವ ಮಗು ಚೌಕದಲ್ಲಿ 12 ಬರೆಯುತ್ತದೆ, ಇಲ್ಲವೇ ಕಂಡದ್ದನ್ನೆಲ್ಲ ಕೂಡಿಸಿ 17 ಬರೆಯುತ್ತದೆ. ಸಮತೆ ಎಂದು ಓದಿದರೆ 7.

ಮರುದಿನ ಬಂದ ಫೋಟೋದಲ್ಲಿ ಮೂರು ಸಾಲುಗಳೂ ಸರಿಯಾಗಿದ್ದವು. ಚೌಕದಲ್ಲಿ ಮೊದಲು ಬರೆದಿದ್ದ 12ನ್ನು ಒಂದು ಗೀಟಿನಿಂದ ಹೊಡೆದು ಪಕ್ಕದಲ್ಲಿ 7 ಬರೆದಿದ್ದಳು. ಅಳಿಸಿರಲಿಲ್ಲ, ಅದು ನಮ್ಮ ಪುಣ್ಯ. ಆ ಹೊಡೆದ 12ರಿಂದಲೇ ಇದು ಬರೀ ಅವಸರವಲ್ಲ ಎಂದು ತಿಳಿದದ್ದು. ಎರಡು ವಾರದ ನಂತರ ಶೇಕಡಾ ರಿಯಾಯಿತಿಯ ಲೆಕ್ಕದಲ್ಲಿ ಅದೇ ಸರಪಳಿ ಮತ್ತೆ ಬಂತು. ಹೊಸ ಪಾಠದ ಮೇಲೆ ಗಮನವಿದ್ದಾಗ ಹಳೆಯ ಅಭ್ಯಾಸ ಹಿಂತಿರುಗುತ್ತದೆ. ಆ ಸಲ ನಾನು ಬರೆದದ್ದು ಒಂದೇ ಮಾತು: ‘ಬೆರಳು?’